ಹೋದ ವರ್ಷದ ಹಾಳೆ ಮುಚ್ಚಿಟ್ಟು ಬಜೆಟ್ ಬರೆಯುವುದು

ಜನವರಿಯಲ್ಲಿ ರಸಾಯನಶಾಸ್ತ್ರ ವಿಭಾಗದ ಎಚ್‌ಒಡಿ ಮೇಡಂ ಒಂದೇ ಹಾಳೆ ಹಿಡಿದು ನನ್ನ ಕೋಣೆಗೆ ಬಂದರು. ಹೋದ ವರ್ಷ 6.20 ಲಕ್ಷ, ಈ ವರ್ಷ 6.82 ಲಕ್ಷ. "ಹತ್ತು ಪರ್ಸೆಂಟ್ ಸೇರಿಸಿದ್ದೀನಿ ಸರ್, ಎಲ್ಲ ರೇಟೂ ಏರಿದೆಯಲ್ಲ" ಅಂದರು. ಹೋದ ವರ್ಷದ 6.20 ಎಲ್ಲಿಂದ ಬಂತು ಅಂತ ಕೇಳಿದೆ. ಅದರ ಹಿಂದಿನ ವರ್ಷಕ್ಕೂ ಹತ್ತು ಪರ್ಸೆಂಟ್ ಸೇರಿಸಿದ್ದರಂತೆ. ಹಾಗೇ ಹಿಂದಕ್ಕೆ ಹೋದರೆ ಮೊದಲ ಅಂಕಿ ಬರೆದವರು ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು.

ನಮ್ಮದು ಸ್ವಾಯತ್ತ ಕಾಲೇಜು, ಬಜೆಟ್ ಹಣಕಾಸು ಸಮಿತಿಯ ಮುಂದೆ ಹೋಗಬೇಕು. ಈ ಸಲ ಸಮಿತಿ ಶೂನ್ಯಾಧಾರಿತ ಬಜೆಟ್ ಕೇಳಿತ್ತು. ಹೆಸರು ಕೇಳಿ ಮೇಡಂ ಗಾಬರಿಯಾದರು. ಸೊನ್ನೆ ಅಂದರೆ ಹಣ ಕಟ್ ಅಂತ ಅವರಿಗೆ ಅನ್ನಿಸಿತ್ತು. ಇದರಲ್ಲಿ ಮೊದಲು ಕೆಲಸ ಬರೀತೀವಿ, ಆಮೇಲೆ ಅದಕ್ಕೆ ಬೇಕಾದ ಹಣ ಬರೀತೀವಿ, ಅಷ್ಟೇ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಪೀಟರ್ ಪೈರ್ 1970ರಲ್ಲಿ ಈ ವಿಧಾನದ ಬಗ್ಗೆ ಬರೆದರು. ಜಿಮ್ಮಿ ಕಾರ್ಟರ್ ಜಾರ್ಜಿಯಾ ಗವರ್ನರ್ ಆಗಿದ್ದಾಗ ಅದನ್ನು ರಾಜ್ಯದ ಬಜೆಟ್‌ಗೆ ತಂದರು. ನಮ್ಮ ಕೇಂದ್ರ ಸರ್ಕಾರವೂ 1986-87ರಲ್ಲಿ ಕೈಹಾಕಿತ್ತು. ಸರ್ಕಾರಗಳಲ್ಲಿ ಇದು ಕಾಗದದ ಗುಡ್ಡೆಯಡಿ ಸಿಕ್ಕಿ ಸೊರಗಿತು. ಒಂದು ವಿಭಾಗದ ಮಟ್ಟಿಗೆ ಮಾತ್ರ ಈಗಲೂ ಚೆನ್ನಾಗಿ ನಡೆಯುತ್ತದೆ.

ಮೊದಲು ಸಂಬಳವನ್ನು ಪಕ್ಕಕ್ಕಿಟ್ಟೆವು. ಅದು ಎಚ್‌ಒಡಿ ಕೈಯಲ್ಲಿಲ್ಲ, ಅದನ್ನು ಸೊನ್ನೆಯಿಂದ ಬರೆಯುವುದು ಸುಮ್ನೆ ನಾಟಕ. ಉಳಿದ ಖರ್ಚನ್ನು ಬಿಲ್ಲಿನ ತಲೆಬರಹದ ಪ್ರಕಾರ ನೋಡದೆ ಕೆಲಸದ ಪ್ರಕಾರ ವಿಂಗಡಿಸಿದೆವು: ಡಿಗ್ರಿ ಪ್ರಾಕ್ಟಿಕಲ್, ಪಿಜಿ ಲ್ಯಾಬ್, ಉಪಕರಣಗಳ ರಿಪೇರಿ, ಲ್ಯಾಬಿನ ಸುರಕ್ಷತೆ, ಹೊರಗಿನವರ ಉಪನ್ಯಾಸ. 'ಕೆಮಿಕಲ್ಸ್ – 2.80 ಲಕ್ಷ' ಅಂತ ಒಂದೇ ಸಾಲಿದ್ದರೆ ಯಾವ ತರಗತಿಗೆ ಎಷ್ಟು ಅಂತ ಯಾರಿಗೂ ಗೊತ್ತಾಗಲ್ಲ.

ಡಿಗ್ರಿ ಪ್ರಾಕ್ಟಿಕಲ್‌ನ ಒಂದೊಂದೇ ಪ್ರಯೋಗ ಹಿಡಿದು ಕೂತೆವು. ನೀರಿನಲ್ಲಿರುವ ಕ್ಲೋರೈಡ್ ಅಳೆಯುವ ಪ್ರಯೋಗ ಬಂತು. ಅದಕ್ಕೆ ಸಿಲ್ವರ್ ನೈಟ್ರೇಟ್ ಬೇಕು, ದುಬಾರಿ ಸಾಮಾನು. ಒಬ್ಬ ವಿದ್ಯಾರ್ಥಿ ನಾಲ್ಕು ಸಲ ಟೈಟ್ರೇಶನ್ ಮಾಡುತ್ತಾನೆ, ಸಲಕ್ಕೆ ಸುಮಾರು 25 ಎಂಎಲ್. 120 ಮಕ್ಕಳಿಗೆ 12 ಲೀಟರ್. ಬ್ಯೂರೆಟ್ ತೊಳೆಯಲು, ಚೆಲ್ಲಿದ್ದಕ್ಕೆ ಅಂತ ಸೇರಿಸಿ ಹದಿನಾಲ್ಕೂವರೆ ಲೀಟರ್ ಇಟ್ಟುಕೊಂಡೆವು. ಮೊದಲಿಂದಲೂ ಅವರು ಮಾಡುತ್ತಿದ್ದದ್ದು 0.1 ನಾರ್ಮಲ್ ದ್ರಾವಣ, ಲೀಟರಿಗೆ 17 ಗ್ರಾಂ. ಅಂದರೆ ಸುಮಾರು 246 ಗ್ರಾಂ, 25 ಗ್ರಾಮಿನ ಹತ್ತು ಬಾಟಲಿ. ಕೈಯಲ್ಲಿದ್ದ ಕೊಟೇಶನ್ ಪ್ರಕಾರ ಬಾಟಲಿಗೆ 4,000. ಒಂದೇ ಪ್ರಯೋಗಕ್ಕೆ 40,000 ರೂಪಾಯಿ!

"0.1 ಯಾಕೆ ಮೇಡಂ?" ಅಂತ ಕೇಳಿದೆ. ಕಾಮರ್ಸ್ ಓದಿದವನು ಕೆಮಿಸ್ಟ್ರಿ ಪ್ರಶ್ನೆ ಕೇಳಿದರೆ ಎದುರಿಗಿದ್ದವರಿಗೆ ನಗು ಬರುವುದು ಸಹಜ. ಮೇಡಂ ನಗಲಿಲ್ಲ, ಸ್ವಲ್ಪ ಹೊತ್ತು ಯೋಚಿಸಿದರು. "ನೀರಿನ ಪರೀಕ್ಷೆಗೆ ನಿಜವಾಗಿ 0.02 ಸಾಕು. ಸ್ಯಾಂಪಲನ್ನೂ ಅಷ್ಟೇ ತೆಳು ಮಾಡಬೇಕು. ಕೊನೆಯ ಬಣ್ಣ ಸ್ವಲ್ಪ ಮಂಕಾಗಿ ಕಾಣುತ್ತೆ, ಅದಕ್ಕೆ ಬ್ಲಾಂಕ್ ಟೈಟ್ರೇಶನ್ ಮಾಡಿಸಬೇಕು. ಮಕ್ಕಳು ಅದನ್ನೂ ಕಲಿತ ಹಾಗಾಯ್ತು." 0.02ಕ್ಕೆ ಬೇಕಾಗುವುದು 49 ಗ್ರಾಂ, ಎರಡೇ ಬಾಟಲಿ. ಆಮೇಲೆ ಲ್ಯಾಬ್ ಅಟೆಂಡರ್ ಸ್ಟಾಕ್ ರಿಜಿಸ್ಟರ್ ತಂದರು. ಬೀರುವಿನಲ್ಲಿ ಸೀಲ್ ಒಡೆಯದ ಒಂದು ಬಾಟಲಿ ಇತ್ತು. ಕೊಳ್ಳಬೇಕಾದ್ದು ಒಂದು.

ಇಲ್ಲೊಂದು ಎಚ್ಚರ ಬೇಕು. ಹತ್ತು ಬಾಟಲಿ ಎರಡಕ್ಕೆ ಇಳಿದದ್ದು ಪ್ರತಿ ವರ್ಷದ ಉಳಿತಾಯ. ಬೀರುವಿನ ಬಾಟಲಿಯಿಂದ ಆದ ಉಳಿತಾಯ ಈ ವರ್ಷಕ್ಕೆ ಮಾತ್ರ, ಮುಂದಿನ ಸಲ ಅದಿರಲ್ಲ. ಇವೆರಡನ್ನೂ ಕೋರಿಕೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಬರೆಸಿದೆ. ಇಲ್ಲದಿದ್ದರೆ ಮುಂದಿನ ವರ್ಷ ಸಮಿತಿಯವರು "ಹೋದ ಸಲ ಒಂದೇ ಬಾಟಲಿ ಸಾಕಾಯ್ತಲ್ಲ" ಅಂತಾರೆ, ಮೇಡಂ ಸಿಕ್ಕಿಹಾಕಿಕೊಳ್ಳುತ್ತಾರೆ.

ಉಪಕರಣದ ಕಥೆ ಬೇರೆ ಥರ. ಸ್ಪೆಕ್ಟ್ರೋಫೋಟೋಮೀಟರಿನ ವಾರ್ಷಿಕ ನಿರ್ವಹಣೆ ಗುತ್ತಿಗೆಗೆ, ಅಂದರೆ ಎಎಂಸಿಗೆ, 50,000 ಹೋಗುತ್ತಿತ್ತು. ಲಾಗ್ ಬುಕ್ ತೆಗೆದರೆ ವರ್ಷದಲ್ಲಿ ಅದು ಓಡಿದ್ದು 14 ದಿನ. ದಿನಕ್ಕೆ ಮೂರೂವರೆ ಸಾವಿರದ ಮೇಲೆ ಬಿತ್ತು. ಇಂಥ ಕಡೆ ಕೇಳಬೇಕಾದ್ದು ಇದೇ ಕೆಲಸವನ್ನು ಬೇರೆ ಹೇಗೆ ಮಾಡಬಹುದು ಅಂತ. ಕೆಟ್ಟಾಗ ಕರೆಸಿ ರಿಪೇರಿ ಮಾಡಿಸಲು 20,000 ಇಟ್ಟರೆ ಆಗಬಹುದು. ಆದರೆ ಪರೀಕ್ಷೆ ವಾರದಲ್ಲಿ ಕೈಕೊಟ್ಟರೆ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು. ಆ ಮಾತನ್ನೂ ಕೋರಿಕೆಯಲ್ಲೇ ಬರೆದೆವು. ಪೂರ್ತಿ ಎಎಂಸಿ ಬೇಕೆಂದರೆ ಮೇಲೆ ಇನ್ನೂ 30,000 ಅಂತ ಅದನ್ನು ಬೇರೆ ತುಂಡು ಮಾಡಿಟ್ಟೆವು.

ಹೀಗೆ ಪ್ರತಿ ಕೆಲಸವನ್ನೂ ತುಂಡು ಮಾಡಬೇಕು. ಮೊದಲನೆಯದು ಕನಿಷ್ಠ ಮಟ್ಟ. ಇದಕ್ಕಿಂತ ಕಡಿಮೆ ಕೊಟ್ಟರೆ ಆ ಕೆಲಸ ನಿಲ್ಲಿಸುವುದೇ ಒಳ್ಳೆಯದು ಅನ್ನುವಷ್ಟು. ಡಿಗ್ರಿ ಪ್ರಾಕ್ಟಿಕಲ್‌ಗೆ ಅದು 1.70 ಲಕ್ಷ, ದುಬಾರಿ ಪ್ರಯೋಗಗಳನ್ನು ಇಬ್ಬಿಬ್ಬರು ಸೇರಿ ಮಾಡುವ ಲೆಕ್ಕ. ಇನ್ನೊಂದು 60,000 ಸಿಕ್ಕರೆ ಎಲ್ಲರೂ ಒಬ್ಬೊಬ್ಬರೇ ಮಾಡಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಹೋದ ವರ್ಷದ ಮೊತ್ತದಲ್ಲಿ ಐದು ಪರ್ಸೆಂಟ್ ಕಳೆದು ಅದನ್ನೇ ಕನಿಷ್ಠ ಅಂತ ಬರೀತಾರೆ. ಹಣ ಕಡಿಮೆಯಾದರೆ ಲ್ಯಾಬಿನಲ್ಲಿ ಯಾವ ಕೆಲಸ ನಿಲ್ಲುತ್ತೆ ಅಂತ ಹೇಳಲು ಬರದಿದ್ದರೆ ಆ ಅಂಕಿ ಪರ್ಸೆಂಟಿನಿಂದ ಬಂದದ್ದು ಅಂತ ತಿಳಿದುಕೊಳ್ಳಿ.

ಆಮೇಲೆ ತುಂಡುಗಳನ್ನು ಮುಖ್ಯವಾದದ್ದು ಮೇಲೆ ಬರುವಂತೆ ಒಂದರ ಕೆಳಗೊಂದು ಜೋಡಿಸುವುದು. ಹಣ ಮುಗಿದ ಕಡೆ ಗೆರೆ ಬೀಳುತ್ತೆ. ಮೇಡಂ ಮೊದಲು ಒಂದು ಜಾಣತನ ಮಾಡಿದರು. ಉಪನ್ಯಾಸವನ್ನು ಮೇಲಿಟ್ಟು, ಫ್ಯೂಮ್ ಹುಡ್ ರಿಪೇರಿ, ಬೆಂಕಿ ಆರಿಸುವ ಸಿಲಿಂಡರ್ ತುಂಬಿಸುವುದು ಎಲ್ಲವನ್ನೂ ಕೆಳಗಿಟ್ಟಿದ್ದರು. ಸುರಕ್ಷತೆಗೆ ಹೇಗೂ ಇಲ್ಲ ಅನ್ನಲ್ಲವಲ್ಲ, ಅದರ ನೆಪದಲ್ಲಿ ಮೇಲಿನದ್ದೆಲ್ಲ ಪಾಸಾಗುತ್ತೆ ಅಂತ. ಸಮಿತಿಯವರು ಇಂಥ ಆಟ ಎಷ್ಟೋ ನೋಡಿರ್ತಾರೆ. ಒಂದು ಸಲ ಗೊತ್ತಾದರೆ ಇಡೀ ಪಟ್ಟಿಯನ್ನೇ ನಂಬಲ್ಲ. ಹಾಗಂದಾಗ ಮೇಡಂ ನಕ್ಕೊಂಡು ತಿದ್ದಿದರು.

ಕೊನೆಗೆ ಆದ ಪಟ್ಟಿಯಲ್ಲಿ ಮೊದಲು ಸುರಕ್ಷತೆ 45,000, ಆಮೇಲೆ ಡಿಗ್ರಿ ಪ್ರಾಕ್ಟಿಕಲ್ ಕನಿಷ್ಠ 1.70 ಲಕ್ಷ, ಪಿಜಿ ಲ್ಯಾಬ್ ಕನಿಷ್ಠ 1.60 ಲಕ್ಷ. ನಾಲ್ಕನೆಯದು ಡಿಗ್ರಿಯ ಆ 60,000, ಐದನೆಯದು ರಿಪೇರಿಯ 20,000, ಆರನೆಯದು ಪಿಜಿಗೆ ಇನ್ನೂ 55,000. ಅದರ ಕೆಳಗೆ ಮೂರು ಉಪನ್ಯಾಸಕ್ಕೆ 30,000, ಕಟ್ಟಕಡೆಗೆ ಎಎಂಸಿಯ ಉಳಿದ 30,000. ಪಕ್ಕದಲ್ಲಿ ಪ್ರತಿ ಸಾಲಿಗೂ ಅಲ್ಲಿಯವರೆಗಿನ ಮೊತ್ತ ಬರೆಸಿದೆ. ಆರನೇ ಸಾಲಿಗೆ 5.10 ಲಕ್ಷ, ಕೊನೆಗೆ 5.70 ಲಕ್ಷ.

ಒಂದು ಅಡಚಣೆ ಉಳಿದಿತ್ತು. ಬಜೆಟ್ ಏಪ್ರಿಲ್‌ನಿಂದ ಮಾರ್ಚ್, ಹೊಸ ಮಕ್ಕಳು ಸೇರುವುದು ಅದರ ಮಧ್ಯೆ. ಜನವರಿಯಲ್ಲಿ ಕೂತು 120 ಅನ್ನುವುದು ಬರೀ ಅಂದಾಜು. ಹಾಗಾಗಿ ಪ್ರಾಕ್ಟಿಕಲ್ ಸಾಲುಗಳ ಕೆಳಗೆ ತಲಾ ಖರ್ಚನ್ನೂ ಬರೆದೆವು. ಅಡ್ಮಿಶನ್ ಹೆಚ್ಚು ಕಡಿಮೆ ಆದರೆ ಅಕ್ಟೋಬರಿನಲ್ಲಿ ತಿದ್ದಿಕೊಳ್ಳಬಹುದು, ಹೊಸದಾಗಿ ಜಗಳ ಆಡಬೇಕಿಲ್ಲ.

ಇಷ್ಟಕ್ಕೆ ನಮಗೆ ಎರಡು ವಾರ ಹಿಡಿಯಿತು. ಪ್ರತಿ ವರ್ಷ ಹೀಗೆ ಕೂರಲು ಯಾವ ಮೇಷ್ಟ್ರಿಗೂ ಪುರುಸೊತ್ತಿಲ್ಲ. ಮುಂದಿನ ವರ್ಷ ಪಿಜಿ ಲ್ಯಾಬ್ ಒಂದನ್ನೇ ಮತ್ತೆ ಸೊನ್ನೆಯಿಂದ ನೋಡೋಣ, ಉಳಿದದ್ದಕ್ಕೆ ಇದೇ ಲೆಕ್ಕಕ್ಕೆ ಹೊಸ ರೇಟು ಹಾಕೋಣ ಅಂತ ಮಾತಾಗಿದೆ.

ಸಮಿತಿ 5.20 ಲಕ್ಷ ಕೊಟ್ಟಿತು. ಆರನೇ ಸಾಲಿನ ಕೆಳಗೆ ಗೆರೆ ಬಿತ್ತು, ಹತ್ತು ಸಾವಿರ ಉಳಿಯಿತು. ಮೇಡಂ ಅದರಲ್ಲಿ ಒಂದೇ ಉಪನ್ಯಾಸ ಇಟ್ಟುಕೊಂಡರು. ಯಾರನ್ನು ಕರೆಸಬೇಕು ಅಂತ ವಿಭಾಗದಲ್ಲಿ ಇನ್ನೂ ಚರ್ಚೆ ನಡೀತಿದೆ.