ತಿಂಗಳಿಗೆ ಹದಿನೈದು ಪಾಲು: ಅಂಗವೈಕಲ್ಯದ ಖರ್ಚು ಸಾಲವಾಗುವ ಬಗೆ

ಅಂಗವೈಕಲ್ಯವಿರುವ ಮನೆಗಳನ್ನು ಸಾಲಕ್ಕೆ ತಳ್ಳುವುದು ಆಸ್ಪತ್ರೆಯ ದೊಡ್ಡ ಬಿಲ್ಲು ಎಂದು ಹಲವರು ಭಾವಿಸುತ್ತಾರೆ. ಅಂಥ ಬಿಲ್ಲು ಬಂದಾಗ ನೆಂಟರಿಷ್ಟರು ಹೇಗೋ ಕೈಜೋಡಿಸುತ್ತಾರೆ. ಯಾರೂ ಕೈಜೋಡಿಸದ ಖರ್ಚು ಬೇರೆಯೇ ಇದೆ. ಅದು ಸಣ್ಣದು, ಆದರೆ ಪ್ರತಿ ತಿಂಗಳೂ ಬರುತ್ತದೆ, ಮತ್ತು ಸದ್ಯಕ್ಕೆ ನಿಲ್ಲುವುದಿಲ್ಲ.

ಒಂದು ಮನೆಯ ಲೆಕ್ಕ ಹಾಕೋಣ. ಹಣದ ಹೆಸರು ಬೇಡ, ಪಾಲುಗಳಲ್ಲೇ ಎಣಿಸೋಣ. ತಂದೆಯ ದುಡಿಮೆ 60 ಪಾಲು, ತಾಯಿಯದು 40, ಖರ್ಚು 85, ಉಳಿತಾಯ 15. ಮಗುವಿಗೆ ಸೆರೆಬ್ರಲ್ ಪಾಲ್ಸಿ ಇದೆ. ನಡೆಯಲಾಗದು, ಆಗಾಗ ಫಿಟ್ಸ್ ಬರುತ್ತದೆ. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದೆ ತಾಯಿ ಕೆಲಸ ಬಿಡುತ್ತಾಳೆ. ಆದಾಯ 60ಕ್ಕೆ ಇಳಿಯುತ್ತದೆ. ಎಷ್ಟು ಬಿಗಿಹಿಡಿದರೂ ಮನೆಖರ್ಚು 65ಕ್ಕಿಂತ ಕೆಳಗೆ ಹೋಗುವುದಿಲ್ಲ. ಅದರ ಮೇಲೆ ಡೈಪರ್‌ಗೆ 5, ಥೆರಪಿಗೆ ಹೋಗಿಬರುವ ವಾಹನಕ್ಕೆ 4, ಔಷಧಿಗೆ 3, ಗಾಲಿಕುರ್ಚಿಯ ರಿಪೇರಿಗೆ 2, ಹೆಚ್ಚುವರಿ ಬಟ್ಟೆ ಒಗೆತ, ಸಾಬೂನಿಗೆ 1. ಒಟ್ಟು 15. ಅಂದರೆ ತಿಂಗಳಿಗೆ 20 ಪಾಲು ಕೊರತೆ.

ಇದನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯ ಕೈಸಾಲದಲ್ಲಿ ತುಂಬಿದರೆ ವರ್ಷದ ಕೊನೆಗೆ ಸಾಲ ಸುಮಾರು 284 ಪಾಲಾಗುತ್ತದೆ. ಪಡೆದ ಅಸಲು 240, ಉಳಿದ 44 ಬಡ್ಡಿ. ಹದಿಮೂರನೆಯ ತಿಂಗಳ ಬಡ್ಡಿಯೇ ಎಂಟೂವರೆ ಪಾಲು. ಡೈಪರ್ ಮತ್ತು ಔಷಧಿ ಎರಡೂ ಸೇರಿದರೆ ಎಂಟು. ಮಗುವಿನ ಡೈಪರ್, ಔಷಧಿಗಿಂತ ಹೆಚ್ಚು ಬಡ್ಡಿಗೇ ಹೋಗತೊಡಗುವ ತಿಂಗಳು ಇದು.

ಈಗ ತಿಂಗಳಿಗೆ 15 ಪಾಲಿನ ಭತ್ಯೆ ಸಿಕ್ಕಿತು ಎನ್ನಿ. ಮೊದಲ ತಿಂಗಳಿಂದಲೇ ಸಿಕ್ಕಿದ್ದರೆ ಕೊರತೆ ಬರೀ 5, ವರ್ಷಕ್ಕೆ ಸಾಲ 71. ತಾಯಿ ವಾರಕ್ಕೆ ಒಂದೂವರೆ ದಿನ ದುಡಿಯುವಂತಾದರೂ ಸಾಕು, ಕೊರತೆ ಹೋಗಿ ಒಂದಿಷ್ಟು ಉಳಿಯುತ್ತದೆ. ಅದೇ ಭತ್ಯೆ ಹದಿಮೂರನೆಯ ತಿಂಗಳಿಂದ ಬಂದರೆ? ಆ ತಿಂಗಳೂ ಸಾಲ ಹದಿಮೂರೂವರೆ ಪಾಲು ಬೆಳೆಯುತ್ತದೆ. ಮೊತ್ತ ಅದೇ, ಆದರೆ ತಡವಾಗಿ ಬಂದದ್ದು ಸಾಲ ಕೊಟ್ಟವನ ಕೈಸೇರುತ್ತದೆ, ಮಗುವಿಗಲ್ಲ. ಆದ್ದರಿಂದ ಯಾವ ಯೋಜನೆಯಲ್ಲಾದರೂ ಮೊದಲು ಕೇಳಬೇಕಾದ ಪ್ರಶ್ನೆ: ಹಣ ಅರ್ಜಿ ಕೊಟ್ಟ ದಿನದಿಂದ ಲೆಕ್ಕವೋ, ಮಂಜೂರಾದ ದಿನದಿಂದಲೋ? ಅರ್ಜಿಯ ದಿನದಿಂದ ಎಂದಾದರೆ, ನಿಯಮ ಒಪ್ಪುವುದಾದರೆ, ಎಲ್ಲ ದಾಖಲೆ ಕೂಡಿಬರಲಿ ಎಂದು ಕಾಯದೆ ಅರ್ಜಿ ಸಲ್ಲಿಸಿ, ದಿನಾಂಕವಿರುವ ಸ್ವೀಕೃತಿ ಪಡೆದು, ಉಳಿದದ್ದನ್ನು ಆಮೇಲೆ ಸೇರಿಸಬೇಕು.

ಹಲವು ಅರ್ಜಿಗಳು ಎಡವುವುದು ಆದಾಯ ಮಿತಿಯಲ್ಲಿ. ಮಿತಿ 50 ಪಾಲು ಎಂದಿದ್ದರೆ 60 ದುಡಿಯುವ ಈ ಮನೆ ಅನರ್ಹ. ಆದರೆ ಹದಿನೈದು ಮೊದಲೇ ಕಳೆದುಹೋಗುವುದರಿಂದ ಕೈಯಲ್ಲಿ ಉಳಿಯುವುದು 45 ಮಾತ್ರ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನೇ ಎರಡು ತೊಡಕುಗಳಾಗಿ ಬಿಡಿಸಿದರು: ಸಂಪಾದಿಸುವ ತೊಡಕು ಒಂದು, ಸಂಪಾದಿಸಿದ್ದನ್ನು ಬದುಕಾಗಿ ಮಾರ್ಪಡಿಸಿಕೊಳ್ಳುವ ತೊಡಕು ಇನ್ನೊಂದು. ಆದಾಯ ಮಿತಿಗೆ ಎರಡನೆಯದು ಕಾಣುವುದೇ ಇಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 28ನೆಯ ವಿಧಿ, ಬಡತನದಲ್ಲಿರುವ ಕುಟುಂಬಗಳಿಗೆ ಅಂಗವೈಕಲ್ಯದ ಖರ್ಚಿಗೇ ನೆರವು ಸಿಗಬೇಕೆನ್ನುತ್ತದೆ. ಬ್ರಿಟನ್ನಿನಲ್ಲಿ ದುಡಿಯುವ ವಯಸ್ಸಿನವರಿಗೆಂದು 2013ರಲ್ಲಿ ಶುರುವಾದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಅಂಗವೈಕಲ್ಯ ಭತ್ಯೆ ಆದಾಯವನ್ನೇ ಕೇಳುವುದಿಲ್ಲ, ಕೆಲಸದಲ್ಲಿದ್ದರೂ ಸಿಗುತ್ತದೆ. ಖರ್ಚಿನ ಹೊರೆ ಇಳಿಸಲು ಇಂಥ ಭತ್ಯೆಯೇ ಸರಿಯಾದ ರೂಪ. ದುಡಿಯತೊಡಗಿದೊಡನೆ ನಿಂತುಹೋಗುವ ಪಿಂಚಣಿ, ತಾಯಿಯ ಆ ಒಂದೂವರೆ ದಿನದ ದುಡಿಮೆಯನ್ನೂ ಹೆದರಿಸಿ ಕೂರಿಸುತ್ತದೆ.

ಮಿತಿ ಇರುವಲ್ಲೂ ಹೆಚ್ಚುವರಿ ಖರ್ಚನ್ನು ಕಳೆದು ನೋಡಲು ಅವಕಾಶವಿದೆಯೇ ಎಂದು ಕೇಳಬೇಕು. ಅದಕ್ಕೆ ಪುರಾವೆಯಾಗಿ ನಾಲ್ಕು ವಾರದ ಲೆಕ್ಕ ಬರೆದಿಡಿ. ಏನು, ಎಷ್ಟು ಬಾರಿ, ಎಷ್ಟು ಹಣ, ಅಂಗವೈಕಲ್ಯ ಇಲ್ಲದಿದ್ದರೂ ಈ ಖರ್ಚು ಬರುತ್ತಿತ್ತೇ ಎಂಬ ನಾಲ್ಕು ಕಲಂ ಸಾಕು. ಕೊನೆಯದಕ್ಕೆ ‘ಇಲ್ಲ’ ಎಂದಿದ್ದನ್ನು ಮಾತ್ರ ಕೂಡಿಸಿ. ಅಂಗವೈಕಲ್ಯವಿಲ್ಲದ ಎಂಟು ವರ್ಷದ ಮಗುವಿಗೂ ಬಟ್ಟೆ ಬೇಕು, ಆದರೆ ಡೈಪರ್ ಬೇಡ. ವರ್ಷಕ್ಕೊಮ್ಮೆ ಬರುವ ಖರ್ಚನ್ನು ಹನ್ನೆರಡರಿಂದ ಭಾಗಿಸಿ ಸೇರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾಡಲಾಗದೆ ಬಿಟ್ಟ ಖರ್ಚಿಗೆ ಬೇರೆ ಪುಟ ಇಡಿ: ವಾಹನಕ್ಕೆ ಕಾಸಿಲ್ಲದೆ ತಪ್ಪಿದ ಥೆರಪಿ, ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಇಳಿಸಿದ ಮಾತ್ರೆ. ಕಡುಬಡವರ ಲೆಕ್ಕದಲ್ಲಿ ಹೆಚ್ಚುವರಿ ಖರ್ಚು ಕಡಿಮೆ ಕಾಣುವುದು ಅಗತ್ಯ ಕಡಿಮೆ ಇರುವುದರಿಂದಲ್ಲ, ಕೊಳ್ಳಲು ಹಣವಿಲ್ಲದ್ದರಿಂದ. ಇದನ್ನು ಬರೆಯದಿದ್ದರೆ ಪರಿಶೀಲಿಸುವವರು ‘ಹೇಗೋ ನಡೆಯುತ್ತಿದೆಯಲ್ಲ’ ಎಂದುಕೊಳ್ಳುತ್ತಾರೆ.

ವೈದ್ಯರ ಪತ್ರದಲ್ಲೂ ಇದೇ ಕೊರತೆ. ರೋಗದ ಹೆಸರಷ್ಟೇ ಇದ್ದರೆ ಸಾಲದು. ಬ್ರಿಟನ್ನಿನ ಆ ಭತ್ಯೆ ರೋಗದ ಹೆಸರಿಗಲ್ಲ, ದಿನದ ಕೆಲಸಗಳಿಗೆ ಅಂಕ ಕೊಡುತ್ತದೆ. ಕೆಲಸವನ್ನು ಅಪಾಯವಿಲ್ಲದೆ, ತಕ್ಕಮಟ್ಟಿಗೆ ಚೆನ್ನಾಗಿ, ಬೇಕಾದಷ್ಟು ಸಲ, ಸರಿಯಾದ ವೇಳೆಯೊಳಗೆ ಮಾಡಲಾಗುತ್ತದೆಯೇ ಎಂದು ನೋಡುತ್ತದೆ. ಈ ನಾಲ್ಕು ಪ್ರಶ್ನೆ ಯಾವ ದೇಶದ ಅರ್ಜಿಗೂ ಉಪಯೋಗಕ್ಕೆ ಬರುತ್ತವೆ. ‘ಊಟ ಮಾಡಲು ಸಹಾಯ ಬೇಕು’ ಎನ್ನುವುದಕ್ಕಿಂತ, ‘ಪ್ರತಿ ಊಟಕ್ಕೆ 40 ನಿಮಿಷ ಒಬ್ಬರು ಪಕ್ಕದಲ್ಲಿರಬೇಕು, ಇಲ್ಲದಿದ್ದರೆ ಉಸಿರುಗಟ್ಟುತ್ತದೆ’ ಎಂಬ ವಾಕ್ಯಕ್ಕೆ ತೂಕ ಹೆಚ್ಚು. ಮುಜುಗರದಿಂದ ಮಗುವಿನ ಒಳ್ಳೆಯ ದಿನವನ್ನೇ ವಿವರಿಸುವ ತಂದೆತಾಯಿ ಬಹಳ. ಕೆಟ್ಟ ದಿನ ಹೇಗಿರುತ್ತದೆ, ವಾರದಲ್ಲಿ ಅಂಥವು ಎಷ್ಟು ಎಂದು ಬರೆಯಲೇಬೇಕು.

ಉಚಿತ ಸಾಧನಗಳ ಬಗ್ಗೆ ಒಂದು ಮಾತು. ಸಾಧನ ಮಂಜೂರಾಗುವ ಮುನ್ನ ಸಾಲ ಮಾಡಿ ಕೊಂಡರೆ, ಕೊಂಡದ್ದರ ಹಣ ಮರಳಿಸದ ಯೋಜನೆಗಳು ಬಹಳಿವೆ. ಇನ್ನು ದಾನವಾಗಿ ಬಂದ ಗಾಲಿಕುರ್ಚಿ ಅಳತೆಯದಲ್ಲದಿದ್ದರೆ ಅದೇ ಹೊಸ ಖರ್ಚಿನ ಮೂಲ. ಆಸನ ಅಗಲವಾದರೆ ಮಗು ಒಂದು ಬದಿಗೆ ವಾಲುತ್ತದೆ, ಭಾರವೆಲ್ಲ ಒಂದೇ ಮೂಳೆಯ ಮೇಲೆ ಬಿದ್ದು ಒತ್ತಡದ ಹುಣ್ಣಾಗುತ್ತದೆ. ಕುರ್ಚಿಯಿಂದ ಎತ್ತಿ ಮಲಗಿಸಿದ ಅರ್ಧ ಗಂಟೆಯ ಮೇಲೂ ಚರ್ಮದ ಕೆಂಪು ಅಥವಾ ಕಪ್ಪುಛಾಯೆ ಮಾಸದಿದ್ದರೆ ಅದು ಮೊದಲ ಎಚ್ಚರಿಕೆ. ಆಗಲೇ ಕುಶನ್ ಬದಲಿಸಿ, ಅಳತೆ ಸರಿಪಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2008ರ ಗಾಲಿಕುರ್ಚಿ ಮಾರ್ಗಸೂಚಿ ಅಳತೆ ನೋಡಿ ಹೊಂದಿಸುವುದು, ಬಳಕೆ ಕಲಿಸುವುದು, ಆಮೇಲಿನ ರಿಪೇರಿ ಎಲ್ಲವನ್ನೂ ಸೇವೆಯ ಭಾಗವೆಂದೇ ಎಣಿಸುತ್ತದೆ. ಆದ್ದರಿಂದ ಕುರ್ಚಿಯ ಜೊತೆಗೆ ಕುಶನ್, ಮರು ಅಳತೆ, ರಿಪೇರಿಯನ್ನೂ ಅರ್ಜಿಯಲ್ಲೇ ಕೇಳಿ.

ಆರೈಕೆ ಮಾಡುವವರ ಭತ್ಯೆ ಮತ್ತು ಹಗಲು ಆರೈಕೆ ಕೇಂದ್ರ ಎರಡರಲ್ಲಿ ಆರಿಸಬೇಕಾಗಿ ಬಂದರೆ ಮೇಲಿನ ಲೆಕ್ಕಕ್ಕೆ ಮರಳಿ. ತಾಯಿ ಕಳೆದುಕೊಂಡದ್ದು 40 ಪಾಲು. ಭತ್ಯೆ ಐದಾರು ಪಾಲಿದ್ದು, ಕೇಂದ್ರ ವಾರಕ್ಕೆ ಮೂರು ದಿನ ಮಗುವನ್ನು ನೋಡಿಕೊಳ್ಳುವುದಾದರೆ, ತಕ್ಕ ಕೆಲಸ ಸಿಗುವಲ್ಲಿ ಕೇಂದ್ರವೇ ಮೇಲು. ಫಿಟ್ಸ್ ಬಂದಾಗ ಏನು ಮಾಡಬೇಕೆಂದು ಅಲ್ಲಿಯವರಿಗೆ ಗೊತ್ತಿದೆಯೇ ಎಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ.

ಹೀಗೆ ದಡ ಸೇರಿದ ಮನೆ ಮತ್ತೆ ಜಾರುವ ಒಂದು ನಿಶ್ಚಿತ ದಿನವಿದೆ: ಮಗುವಿಗೆ ವಯಸ್ಸು ತುಂಬುವ ದಿನ. ದಕ್ಷಿಣ ಆಫ್ರಿಕಾದಲ್ಲಿ ತೀವ್ರ ಅಂಗವೈಕಲ್ಯವಿರುವ ಮಕ್ಕಳ ಆರೈಕೆಗೆ ಕೊಡುವ ಕೇರ್ ಡಿಪೆಂಡೆನ್ಸಿ ಗ್ರಾಂಟ್ 18ಕ್ಕೆ ನಿಲ್ಲುತ್ತದೆ, ವಯಸ್ಕರ ಅನುದಾನಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಬೇರೆ ದೇಶಗಳಲ್ಲೂ ಮಕ್ಕಳ ನೆರವು, ದೊಡ್ಡವರ ನೆರವು ಬೇರೆ ಬೇರೆಯಾಗಿರುವುದುಂಟು. ನಡುವೆ ನಾಲ್ಕು ತಿಂಗಳು ಬಿಟ್ಟುಹೋದರೆ ನಮ್ಮ ಲೆಕ್ಕದಲ್ಲಿ 60 ಪಾಲು, ತಂದೆಯ ಒಂದಿಡೀ ತಿಂಗಳ ದುಡಿಮೆ. ಅಂಗವೈಕಲ್ಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನವನ್ನೂ ಈ ದಿನವನ್ನೂ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು, ಆರು ತಿಂಗಳು ಮೊದಲೇ ಓಡಾಟ ಶುರುಮಾಡಿ.