ಸಿಬಿಸಿಯಲ್ಲಿ ಸಿಕ್ಕಿದ ರಕ್ತ ಕ್ಯಾನ್ಸರ್: ಔಷಧಿ ಕೊಡದೆ ಕಾಯುವುದೇಕೆ?

ಸಿಬಿಸಿ ಎಂದರೆ ರಕ್ತಕಣಗಳ ಎಣಿಕೆ, ಕಣ್ಣಿನ ಪೊರೆಯ ಆಪರೇಷನ್‌ಗೆ ಮುಂಚೆ ಸಾಮಾನ್ಯವಾಗಿ ಮಾಡಿಸುವ ರಕ್ತಪರೀಕ್ಷೆ. ಉದಾಹರಣೆಗೆ ಮುಂಬೈಯ ಮಾಟುಂಗದಲ್ಲಿ ಹೋಟೆಲ್ ನಡೆಸುವ, ಉಡುಪಿ ಕಡೆಯ 63 ವರ್ಷದ ಒಬ್ಬರನ್ನು ಇಟ್ಟುಕೊಳ್ಳೋಣ. ಜ್ವರವಿಲ್ಲ, ತೂಕ ಇಳಿದಿಲ್ಲ, ಬೆಳಿಗ್ಗೆ ಐದಕ್ಕೇ ಎದ್ದು ಅಡುಗೆಮನೆ ನೋಡಿಕೊಳ್ಳುತ್ತಾರೆ. ಸಿಬಿಸಿ ವರದಿ ಬಂತು: ಹಿಮೋಗ್ಲೋಬಿನ್ 13.8, ಪ್ಲೇಟ್‌ಲೆಟ್ 2.1 ಲಕ್ಷ, ಒಟ್ಟು ಬಿಳಿ ರಕ್ತಕಣ 24,600. ಅದರಲ್ಲಿ ಲಿಂಫೋಸೈಟ್ ಎಂಬ ಬಗೆಯವು ಶೇಕಡ 78.

ಈ ವರದಿಯಲ್ಲಿ ಮನೆಮಂದಿಯ ಕಣ್ಣು ಮೊದಲು ಬೀಳುವುದು ಶೇಕಡ 78ರ ಮೇಲೆ. ಆದರೆ ಶೇಕಡಾವಾರು ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಒಟ್ಟು ಬಿಳಿ ಕಣ 6,000 ಇದ್ದು ಲಿಂಫೋಸೈಟ್ ಶೇಕಡ 50 ಇದ್ದರೆ ಸಂಖ್ಯೆ ಬರೀ 3,000. ಅದು ಪೂರ್ತಿ ಸಹಜ, ಆದರೂ ವರದಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರಬಹುದು. ನೋಡಬೇಕಾದದ್ದು ಒಟ್ಟು ಸಂಖ್ಯೆಯನ್ನು ಶೇಕಡಾವಾರಿನಿಂದ ಗುಣಿಸಿದಾಗ ಬರುವ ಅಂಕಿ. ಇವರಲ್ಲಿ 24,600ರ ಶೇಕಡ 78 ಎಂದರೆ ಸುಮಾರು 19,200. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 4,000 ದಾಟುವುದಿಲ್ಲ. ಇಷ್ಟು ಏರಿದಾಗ ಗುಮಾನಿ ಬರುವುದು ಸಿಎಲ್‌ಎಲ್ ಎಂಬ ರಕ್ತ ಕ್ಯಾನ್ಸರ್ ಮೇಲೆ.

ಲಿಂಫೋಸೈಟ್ ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಮಳೆಗಾಲದ ಮುಂಬೈಯಲ್ಲಿ ಡೆಂಗ್ಯೂ ಅಥವಾ ಬೇರೆ ವೈರಸ್ ಜ್ವರ ಬಂದು ಹೋದವರಲ್ಲೂ ಅದು ಏರುತ್ತದೆ, ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಆದ್ದರಿಂದ ಜ್ವರದ ಸುಳಿವೇ ಇಲ್ಲದವರಲ್ಲಿ ಮಾಡಬೇಕಾದ ಮೊದಲ ಕೆಲಸ ಹಳೆಯ ಫೈಲ್ ಹುಡುಕುವುದು. ಇವರ ಬೀರುವಿನಲ್ಲಿ ಹದಿನೆಂಟು ತಿಂಗಳ ಹಿಂದಿನ, ಇನ್ಶೂರೆನ್ಸ್‌ಗೆಂದು ಮಾಡಿಸಿದ ವರದಿ ಸಿಕ್ಕಿತು ಎನ್ನೋಣ: ಒಟ್ಟು 13,400, ಲಿಂಫೋಸೈಟ್ ಶೇಕಡ 62, ಅಂದರೆ ಸುಮಾರು 8,300. ಆಗ ಯಾರೂ ಗಮನಿಸಿರಲಿಲ್ಲ. ಆ ಹಳೆಯ ಕಾಗದ ಈಗ ಎರಡು ವಿಷಯ ಹೇಳುತ್ತದೆ. ಇದು ಮೊನ್ನೆ ಮೊನ್ನೆ ಶುರುವಾದದ್ದಲ್ಲ, ಮತ್ತು ಸಂಖ್ಯೆ ಇಮ್ಮಡಿಯಾಗಲು ಸುಮಾರು 15 ತಿಂಗಳು ಹಿಡಿದಿದೆ. ಈ ಎರಡನೆಯ ಮಾತಿಗೆ ಮುಂದೆ ಬಹಳ ಬೆಲೆ ಇದೆ.

ಮುಂದಿನ ಹೆಜ್ಜೆ, ಪೆಥಾಲಜಿಸ್ಟ್ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಒಂದೇ ಅಳತೆಯ ಸಣ್ಣ ಸಣ್ಣ ಲಿಂಫೋಸೈಟ್‌ಗಳು ತುಂಬಿಕೊಂಡಿರುತ್ತವೆ. ಅವುಗಳ ನಡುವೆ ಅಂಚು ಕಳೆದುಕೊಂಡು ಚದುರಿದ ನೇರಳೆ ಕಲೆಗಳು ಕಾಣುತ್ತವೆ. ಅವೂ ಜೀವಕೋಶಗಳೇ, ಸವರುವಾಗ ಒಡೆದುಹೋದಂಥವು. ಅವಕ್ಕೆ ಸ್ಮಡ್ಜ್ ಸೆಲ್ ಎನ್ನುತ್ತಾರೆ. ಈ ರೋಗದ ಕೋಶಗಳು ಅಷ್ಟು ನಾಜೂಕು. ಇದರಿಂದ ಗುಮಾನಿ ಬಲವಾಗುತ್ತದೆ, ಖಚಿತವಾಗುವುದಿಲ್ಲ.

ಖಚಿತಪಡಿಸುವುದು ಫ್ಲೋ ಸೈಟೊಮೆಟ್ರಿ. ತೋಳಿನಿಂದ ತೆಗೆದ ಕೆಲವು ಮಿಲಿಲೀಟರ್ ರಕ್ತ ಸಾಕು. ಕೋಶದ ಮೈಮೇಲಿನ ಗುರುತುಗಳಿಗೆ ಬಣ್ಣ ಹತ್ತಿಸಿ, ಲೇಸರ್ ಮುಂದೆ ಒಂದೊಂದನ್ನೇ ಹಾಯಿಸಿ ಎಣಿಸುತ್ತಾರೆ. ಬಿ ಲಿಂಫೋಸೈಟ್‌ನ ಗುರುತಾದ ಸಿಡಿ19 ಇರುವ ಕೋಶಗಳ ಮೇಲೆಯೇ ಸಿಡಿ5 ಮತ್ತು ಸಿಡಿ23 ಕೂಡ ಇದ್ದು, ಸಿಡಿ20 ಮಂಕಾಗಿದ್ದು, ಎಲ್ಲ ಕೋಶಗಳೂ ಕಪ್ಪಾ ಅಥವಾ ಲ್ಯಾಂಬ್ಡಾ ಎಂಬ ಎರಡು ಸರಪಳಿಗಳಲ್ಲಿ ಒಂದನ್ನೇ ಹೊತ್ತಿದ್ದರೆ, ಅವೆಲ್ಲ ಒಂದೇ ತಾಯಿಕೋಶದ ಸಂತಾನ ಎಂದರ್ಥ. ಇಂಥ ಬಿ ಕೋಶಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 5,000 ಅಥವಾ ಹೆಚ್ಚು, ಮೂರು ತಿಂಗಳಾದರೂ ಇದ್ದರೆ ಅದು ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್. 5,000ಕ್ಕಿಂತ ಕಡಿಮೆ ಇದ್ದು ಗಡ್ಡೆಗಳೂ ಬೇರೆ ತೊಂದರೆಯೂ ಇಲ್ಲದಿದ್ದರೆ ಅದನ್ನು ಲ್ಯುಕೇಮಿಯಾ ಎನ್ನುವುದಿಲ್ಲ, ಅದರ ಹಿಂದಿನ ಸ್ಥಿತಿ ಎಂದಷ್ಟೇ ಪರಿಗಣಿಸುತ್ತಾರೆ. ರೋಗ ಗುರುತಿಸಲು ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆಯುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಆಮೇಲೆ ವೈದ್ಯರ ಕೈಬೆರಳುಗಳ ಕೆಲಸ. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಗಡ್ಡೆ ಇದೆಯೇ, ಎಡ ಪಕ್ಕೆಲುಬಿನ ಕೆಳಗೆ ಗುಲ್ಮ ಕೈಗೆ ಸಿಗುತ್ತದೆಯೇ ಎಂದು ತಡವಿ ನೋಡುತ್ತಾರೆ. 1975ರಲ್ಲಿ ಬಂದ ರಾಯ್ ಪದ್ಧತಿಯ ಹಂತಗಳು ಈ ತಡವುವಿಕೆ ಮತ್ತು ಸಿಬಿಸಿ, ಇವೆರಡರಿಂದಲೇ ನಿರ್ಧಾರವಾಗುತ್ತವೆ. ಬರೀ ಲಿಂಫೋಸೈಟ್ ಏರಿದ್ದರೆ ಸೊನ್ನೆ, ಗಡ್ಡೆಗಳಿದ್ದರೆ ಒಂದು, ಗುಲ್ಮ ಅಥವಾ ಯಕೃತ್ತು ಊದಿದ್ದರೆ ಎರಡು. ರೋಗದಿಂದಾಗಿ ಹಿಮೋಗ್ಲೋಬಿನ್ 11ಕ್ಕಿಂತ ಇಳಿದರೆ ಮೂರು, ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಇಳಿದರೆ ನಾಲ್ಕು. ನಮ್ಮ ಹೋಟೆಲ್ ಯಜಮಾನರ ಮೈಯಲ್ಲಿ ಗಡ್ಡೆಯೂ ಇಲ್ಲ, ಗುಲ್ಮವೂ ಊದಿಲ್ಲ. ಹಂತ ಸೊನ್ನೆ.

"ಮೂರು ತಿಂಗಳು ಬಿಟ್ಟು ಬನ್ನಿ, ಈಗ ಔಷಧಿ ಬೇಡ" ಎಂದು ವೈದ್ಯರು ಹೇಳಿದಾಗ ಮಗಳು ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ಡಾಕ್ಟ್ರೇ, ಕ್ಯಾನ್ಸರ್ ಬೇಗ ಸಿಕ್ಕಿದರೆ ಒಳ್ಳೆಯದು ಅಂತಾರಲ್ಲ, ಮತ್ತೆ ಯಾಕೆ ಬಿಟ್ಟಿದ್ದೀರಿ?" ಸ್ತನದ ಗಂಟಿನ ವಿಷಯದಲ್ಲಿ ಆ ಮಾತು ನಿಜ, ಅದನ್ನು ಬೇಗ ಕತ್ತರಿಸಿ ತೆಗೆಯಬಹುದು. ಸಿಎಲ್‌ಎಲ್ ಕತ್ತರಿಸಿ ತೆಗೆಯುವಂಥದ್ದಲ್ಲ, ಸಿಕ್ಕುವ ಹೊತ್ತಿಗೇ ರಕ್ತದಲ್ಲೂ ಮಜ್ಜೆಯಲ್ಲೂ ಹರಡಿಕೊಂಡಿರುತ್ತದೆ.

ಬೇಗ ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಊಹೆಗೆ ಬಿಟ್ಟಿಲ್ಲ. ಫ್ರಾನ್ಸ್‌ನಲ್ಲಿ ಆರಂಭದ ಹಂತದ ಒಂದೂವರೆ ಸಾವಿರ ರೋಗಿಗಳನ್ನು ಎರಡು ಪ್ರಯೋಗಗಳಲ್ಲಿ ಚೀಟಿ ಎತ್ತಿದಂತೆ ಹಂಚಿದರು. ಅರ್ಧ ಮಂದಿಗೆ ಕ್ಲೋರಾಂಬುಸಿಲ್ ಮಾತ್ರೆ, ಉಳಿದವರಿಗೆ ಏನೂ ಇಲ್ಲ. 1998ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಮಾತ್ರೆ ರೋಗದ ಓಟವನ್ನು ನಿಧಾನಿಸಿತು, ಆಯುಷ್ಯವನ್ನು ಹೆಚ್ಚಿಸಲಿಲ್ಲ. ಮೊದಲ ಪ್ರಯೋಗದಲ್ಲಿ ಔಷಧಿಯಿಲ್ಲದೆ ಇದ್ದವರಲ್ಲಿ ಶೇಕಡ 49 ಮಂದಿಗೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲದ ನಂತರವೂ ರೋಗ ಮುಂದಿನ ಹಂತಕ್ಕೆ ಹೋಗಿರಲಿಲ್ಲ, ಚಿಕಿತ್ಸೆಯೂ ಬೇಕಾಗಿರಲಿಲ್ಲ. ಅದೇ ಗುಂಪಿನಲ್ಲಿ ಶೇಕಡ 27 ಮಂದಿ ರೋಗಕ್ಕೆ ಸಂಬಂಧಿಸಿದ ಕಾರಣದಿಂದಲೇ ತೀರಿಕೊಂಡರು ಎಂಬುದನ್ನೂ ಮರೆಯುವಂತಿಲ್ಲ. ಕಾಯುವುದೆಂದರೆ ಕೈಬಿಡುವುದಲ್ಲ ಎನ್ನಲು ಈ ಎರಡನೆಯ ಅಂಕಿಯೇ ಕಾರಣ.

ಕ್ಲೋರಾಂಬುಸಿಲ್ ಹಳೆಯ ಔಷಧಿ, ಹೊಸವು ಬಂದಿವೆಯಲ್ಲ ಎನ್ನಬಹುದು. ಜರ್ಮನಿಯ ತಂಡವೊಂದು ಇದನ್ನೇ ಪರೀಕ್ಷಿಸಿತು. ಬೇಗ ಬೆಳೆಯುವ ಸಾಧ್ಯತೆಯಿದ್ದ ಆರಂಭದ ಹಂತದವರಿಗೆ ಇಬ್ರುಟಿನಿಬ್ ಅಥವಾ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಇಬ್ರುಟಿನಿಬ್ ಪಡೆದವರಲ್ಲಿ ರೋಗ ಬಹಳ ಕಾಲ ತೆಪ್ಪಗಿತ್ತು, ಆದರೆ ಬದುಕಿದ ಕಾಲ ಎರಡು ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ. ಮೇಲಾಗಿ ರಕ್ತಸ್ರಾವ, ಹೃದಯದ ಬಡಿತ ತಪ್ಪುವುದು ಔಷಧಿ ಪಡೆದವರಲ್ಲಿ ಹೆಚ್ಚು. ಆರೋಗ್ಯವಾಗಿ ಓಡಾಡುವವರಿಗೆ ವರ್ಷಗಟ್ಟಲೆ ಆ ಅಪಾಯ ಹೊರಿಸಲು ತಕ್ಕ ಲಾಭ ಕಾಣಲಿಲ್ಲ.

ಇಷ್ಟಾದರೂ ಮನಸ್ಸು ಕೊರೆಯುವುದು ಬಿಳಿ ಕಣದ ಸಂಖ್ಯೆಯೇ. ತೀವ್ರ ಲ್ಯುಕೇಮಿಯಾದಲ್ಲಿ ದೊಡ್ಡ, ಬಲಿಯದ ಕೋಶಗಳು ಲಕ್ಷ ಮುಟ್ಟಿದರೆ ಮೆದುಳು, ಶ್ವಾಸಕೋಶದ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳಬಹುದು, ಅದು ತುರ್ತುಸ್ಥಿತಿ. ಸಿಎಲ್‌ಎಲ್ ಕೋಶಗಳು ಚಿಕ್ಕವು, ಲಕ್ಷ ದಾಟಿದರೂ ಹಾಗಾಗುವುದು ತೀರಾ ಅಪರೂಪ. ಹಾಗಾಗಿ ಇಷ್ಟು ಸಾವಿರ ಮುಟ್ಟಿದರೆ ಔಷಧಿ ಎಂಬ ಗೆರೆಯೇ ಇಲ್ಲ. ನೋಡುವುದು ವೇಗವನ್ನು: 30,000 ದಾಟಿದ ಮೇಲೆ ಆರು ತಿಂಗಳೊಳಗೆ ಇಮ್ಮಡಿಯಾದರೆ ಅದು ಲೆಕ್ಕಕ್ಕೆ ಬರುತ್ತದೆ. ನೆಗಡಿ, ಜ್ವರವಿದ್ದ ವಾರದ ಅಂಕಿ ಈ ಲೆಕ್ಕಕ್ಕೆ ಬೇಡ.

ಸಂಖ್ಯೆ ತುಂಬ ಏರಿದವರಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ರಕ್ತದ ಪೊಟ್ಯಾಷಿಯಂ 6.5 ಎಂದು ವರದಿ ಬಂದು ಮನೆಯವರು ಎಮರ್ಜೆನ್ಸಿಗೆ ಓಡುತ್ತಾರೆ, ಇಸಿಜಿ ಮಾತ್ರ ಸರಿಯಾಗಿಯೇ ಇರುತ್ತದೆ. ಆ ನಾಜೂಕು ಕೋಶಗಳು ಟ್ಯೂಬಿನಲ್ಲಿ, ಸಾಗಿಸುವ ಕುಲುಕಾಟದಲ್ಲಿ ಒಡೆದು ಒಳಗಿನ ಪೊಟ್ಯಾಷಿಯಂ ಹೊರಬಿಟ್ಟಿರುತ್ತವೆ. ಮತ್ತೆ ಮೆಲ್ಲನೆ ರಕ್ತ ತೆಗೆದು, ಕೈಯಲ್ಲೇ ಒಯ್ದು, ತಕ್ಷಣ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ.

ನಮ್ಮ ಯಜಮಾನರ ಲಿಂಫೋಸೈಟ್ ಮೂರು ತಿಂಗಳಿಗೆ 16,800ಕ್ಕೆ ಇಳಿಯಿತು, ಒಂಬತ್ತನೇ ತಿಂಗಳಿಗೆ 22,000, ಹದಿನೈದಕ್ಕೆ 25,100. ಈ ಏರಿಳಿತ ಸಹಜ. ಆದರೆ ಈ ಸಲ ಹಿಮೋಗ್ಲೋಬಿನ್ 10.8. ಅಂಕಿ ನೋಡಿ ಮೂರನೇ ಹಂತ ಎಂದು ಚಿಕಿತ್ಸೆ ಶುರು ಮಾಡುವುದು ಸುಲಭ, ಮತ್ತು ತಪ್ಪು. ಮಜ್ಜೆಯನ್ನು ರೋಗ ತುಂಬಿಕೊಂಡಿದ್ದರೆ ಪ್ಲೇಟ್‌ಲೆಟ್ ಕೂಡ ಇಳಿಯುವುದು ಸಾಮಾನ್ಯ, ಇವರದು 2.4 ಲಕ್ಷ. ಕೆಂಪು ಕಣಗಳು ಸಣ್ಣವಾಗಿವೆ, ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತೀರಾ ಕಡಿಮೆ. ದೇಹವೇ ತನ್ನ ಕೆಂಪು ಕಣಗಳನ್ನು ಒಡೆಯುವ ತೊಂದರೆ ಸಿಎಲ್‌ಎಲ್‌ನಲ್ಲಿ ಬರುವುದುಂಟು. ಅದಕ್ಕಾಗಿ ಮಾಡಿದ ಕೂಂಬ್ಸ್ ಪರೀಕ್ಷೆ ನೆಗೆಟಿವ್, ಕಾಮಾಲೆಯೂ ಇಲ್ಲ. ಅಂದರೆ ಇದು ಕಬ್ಬಿಣದ ಕೊರತೆ. ಈ ವಯಸ್ಸಿನ ಗಂಡಸಿನಲ್ಲಿ ಕಬ್ಬಿಣ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎರಡೂ ಆದವು, ಸಿಕ್ಕಿದ್ದು ರಕ್ತ ಸುರಿಯುವ ಮೂಲವ್ಯಾಧಿ. ಅದಕ್ಕೆ ಚಿಕಿತ್ಸೆ, ಮೂರು ತಿಂಗಳು ಕಬ್ಬಿಣದ ಮಾತ್ರೆ, ಹಿಮೋಗ್ಲೋಬಿನ್ ಮತ್ತೆ 13.5. ಸಿಎಲ್‌ಎಲ್ ಇನ್ನೂ ಸೊನ್ನೆಯಲ್ಲೇ ಇದೆ.

ಕಾಯುವ ಕಾಲದಲ್ಲಿ ತಪ್ಪದೆ ನಡೆಯಬೇಕಾದದ್ದು ಮೊದಲ ವರ್ಷ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಆಮೇಲೆ ಸ್ಥಿರವಾಗಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ತಡವಿ ನೋಡುವುದು ಮತ್ತು ಸಿಬಿಸಿ. ತೊಂದರೆಯಿಲ್ಲದವರಿಗೆ ಪದೇ ಪದೇ ಸ್ಕ್ಯಾನ್ ಬೇಡ. ಸೋಂಕು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ, ಏಕೆಂದರೆ ಔಷಧಿ ಇಲ್ಲದಿದ್ದಾಗಲೂ ಈ ರೋಗದಲ್ಲಿ ರಕ್ಷಕ ಪ್ರತಿಕಾಯಗಳು ಕಡಿಮೆಯಾಗುತ್ತವೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಬೇಕು. ನ್ಯುಮೋನಿಯಾ ಲಸಿಕೆ, ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಲಸಿಕೆಯೂ ಬೇಕು. ಜೀವಂತ ಲಸಿಕೆಗಳು ಇವರಿಗೆ ಆಗುವುದಿಲ್ಲ.

ಮುಂದಿನ ತಾರೀಕಿಗೆ ಕಾಯದೆ ಹೋಗಬೇಕಾದ ಸಂದರ್ಭಗಳಿವೆ. ಆರು ತಿಂಗಳಲ್ಲಿ ಕಾರಣವಿಲ್ಲದೆ ತೂಕದ ಹತ್ತರಲ್ಲೊಂದು ಭಾಗ ಇಳಿಯುವುದು, ಎರಡು ವಾರ ಬಿಡದ ಜ್ವರ, ಒಂದು ತಿಂಗಳಾದರೂ ನಿಲ್ಲದ, ರಾತ್ರಿ ಹಾಸಿಗೆ ಒದ್ದೆಯಾಗುವ ಬೆವರು. ಮುಂಬೈಯಲ್ಲಿ ಇಂಥ ಲಕ್ಷಣಕ್ಕೆ ಕ್ಷಯರೋಗವೂ ಕಾರಣವಿರಬಹುದು, ಅದನ್ನು ಮೊದಲು ನೋಡಬೇಕು. ಇಷ್ಟು ದಿನ ಸುಮ್ಮನಿದ್ದ ಗಡ್ಡೆಗಳಲ್ಲಿ ಒಂದೇ ಒಂದು ಕೆಲವು ವಾರಗಳಲ್ಲಿ ಸರ್ರನೆ ಬೆಳೆದು, ರಕ್ತದಲ್ಲಿ ಎಲ್‌ಡಿಎಚ್ ಎಂಬ ಕಿಣ್ವ ಏರಿದರೆ, ರೋಗ ಉಗ್ರ ಲಿಂಫೋಮಾ ಆಗಿ ಬದಲಾಗಿದೆಯೇ ಎಂದು ಆ ಗಡ್ಡೆಯ ತುಂಡು ತೆಗೆದು ಪರೀಕ್ಷಿಸುತ್ತಾರೆ.

ಚಿಕಿತ್ಸೆ ಬೇಕಾದ ದಿನ ಬಂದರೆ, ಅದಕ್ಕೆ ಮುಂಚೆ ಎರಡು ಜೀನ್ ಪರೀಕ್ಷೆ ಕೇಳಿ ಮಾಡಿಸಬೇಕು. ಐಜಿಎಚ್‌ವಿ ಪರೀಕ್ಷೆ ಜೀವನದಲ್ಲಿ ಒಮ್ಮೆ ಸಾಕು, ಅದು ಬದಲಾಗುವುದಿಲ್ಲ. ಟಿಪಿ53 ಮತ್ತು ಅದಿರುವ 17ನೇ ಕ್ರೋಮೋಸೋಮಿನ ತುಂಡಿನ ಪರೀಕ್ಷೆ ಹಿಂದೆ ಆಗಿದ್ದರೂ ಮತ್ತೆ ಮಾಡಿಸಬೇಕು, ಕಾಲಕ್ರಮದಲ್ಲಿ ಅದು ಕೆಡಬಹುದು. ಕೆಟ್ಟಿದ್ದರೆ ಹಳೆಯ ಕೀಮೋ ಸರಿಯಾಗಿ ಕೆಲಸ ಮಾಡುವುದಿಲ್ಲ, ಅಕಾಲಬ್ರುಟಿನಿಬ್‌ನಂಥ ಮಾತ್ರೆ ಅಥವಾ ವೆನೆಟೊಕ್ಲ್ಯಾಕ್ಸ್ ಬೇಕು. ಅಕಾಲಬ್ರುಟಿನಿಬ್ ಗುಂಪಿನ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಲಿಂಫೋಸೈಟ್ ಸಂಖ್ಯೆ ಇಳಿಯುವ ಬದಲು ಏರುತ್ತದೆ. ಗಡ್ಡೆಗಳಲ್ಲಿ ಅಂಟಿಕೊಂಡಿದ್ದ ಕೋಶಗಳನ್ನು ಮಾತ್ರೆ ರಕ್ತಕ್ಕೆ ಹೊರದಬ್ಬುವುದರಿಂದ ಹೀಗಾಗುತ್ತದೆ. ಗಡ್ಡೆ ಕರಗುತ್ತಾ ಇದ್ದರೆ ಮಾತ್ರೆ ನಿಲ್ಲಿಸಬಾರದು.