ಸಂಜೆಯ ಧೂಳಿಗೆ ನಡುರಾತ್ರಿ ದಮ್ಮು ಯಾಕೆ?

34 ವರ್ಷದ ಶಿಕ್ಷಕಿಯೊಬ್ಬರು ಸಂಜೆ ಅಟ್ಟದ ಹಳೇ ಹಾಸಿಗೆ ಕೊಡವಿದರು. ಹತ್ತೇ ನಿಮಿಷಕ್ಕೆ ಎದೆ ಬಿಗಿದು ಸುಯ್ ಸುಯ್ ಸದ್ದು ಶುರುವಾಯಿತು. ಸಾಲ್ಬುಟಮಾಲ್ ಇನ್ಹೇಲರ್ ಎರಡು ಪಫ್ ತೆಗೆದುಕೊಂಡರು, ಸರಿಹೋಯಿತು. ರಾತ್ರಿ ಒಂದು ಗಂಟೆಗೆ ಮತ್ತೆ ದಮ್ಮು. ಈ ಸಲ ಪಫ್‌ಗೆ ಅಷ್ಟಾಗಿ ಬಗ್ಗಲಿಲ್ಲ. "ಡಾಕ್ಟ್ರೇ, ಮಲಗಿದ್ದಾಗ ಧೂಳು ಎಲ್ಲಿಂದ ಬಂತು?" ಎಂದು ಕೇಳಿದರು.

ಇದು ಆಸ್ತಮಾ, ಹೊಸ ಧೂಳೇನೂ ಬೇಕಿಲ್ಲ. ಉಸಿರ್ನಾಳದ ಒಳಪದರದಲ್ಲಿ ಮಾಸ್ಟ್ ಕೋಶಗಳು ಇರುತ್ತವೆ. ಅಲರ್ಜಿ ಇರುವವರಲ್ಲಿ ಅವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯ ಕೂತಿರುತ್ತದೆ. ಹಾಸಿಗೆಯ ನುಸಿಯ ಕಣ ಅದಕ್ಕೆ ಅಂಟಿದ ಕೆಲವೇ ನಿಮಿಷದಲ್ಲಿ ಮಾಸ್ಟ್ ಕೋಶ ಹಿಸ್ಟಮಿನ್, ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳನ್ನು ಹೊರಚೆಲ್ಲುತ್ತದೆ. ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಸಂಜೆ ಆದದ್ದು ಇದು. ಸಾಲ್ಬುಟಮಾಲ್ ಸಡಿಲಿಸುವುದು ಈ ಸ್ನಾಯುವನ್ನು ಮಾತ್ರ.

ಆದರೆ ಮಾಸ್ಟ್ ಕೋಶ ಆಗಲೇ ಬೇರೆಯವರನ್ನೂ ಕರೆದಾಗಿರುತ್ತದೆ. ನಾಲ್ಕರಿಂದ ಎಂಟು ಗಂಟೆಯೊಳಗೆ ರಕ್ತದಿಂದ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಬಂದು ಸೇರುತ್ತವೆ. ಅವು ಸುರಿಸುವ ಪ್ರೋಟೀನ್‌ಗಳು ಒಳಪದರವನ್ನೇ ಕೆಡಿಸುತ್ತವೆ. ಗೋಡೆ ಊದಿಕೊಳ್ಳುತ್ತದೆ, ಅಂಟು ಕಫ ತುಂಬುತ್ತದೆ. ರಾತ್ರಿಯ ದಮ್ಮು ಇದೇ. ಸ್ನಾಯು ಸಡಿಲವಾದರೂ ಊತ, ಕಫ ಹಾಗೇ ಉಳಿದರೆ ದಾರಿ ಪೂರ್ತಿ ತೆರೆಯುವುದಿಲ್ಲ, ಅಲ್ವಾ? ಮೇಲಾಗಿ ಊದಿದ ನಾಳ ಮುಂಗೋಪಿ: ಅಗರಬತ್ತಿ ಹೊಗೆಗೂ, ತಣ್ಣನೆ ಗಾಳಿಗೂ ಬಿಗಿದುಕೊಳ್ಳುತ್ತದೆ.

ಇವರಿಗೆ ಸ್ಪೈರೋಮೆಟ್ರಿ ಮಾಡಿಸಿದೆವು. ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ 1.8 ಲೀಟರ್ ಗಾಳಿ ಹೊರಬಂತು. ಸಾಲ್ಬುಟಮಾಲ್ ನಾಲ್ಕು ಪಫ್ ಕೊಟ್ಟು, ಕಾಲು ಗಂಟೆ ಬಿಟ್ಟು ಊದಿಸಿದಾಗ 2.2 ಲೀಟರ್. 400 ಮಿಲಿ, ಅಂದರೆ ಶೇ. 22 ಏರಿಕೆ. ಶೇ. 12 ಮತ್ತು 200 ಮಿಲಿ ಎರಡನ್ನೂ ದಾಟಿದರೆ ಕಿರಿದಾದ ನಾಳ ಮತ್ತೆ ಹಿಗ್ಗುತ್ತಿದೆ ಎಂದರ್ಥ. ಆರಾಮಾಗಿರುವ ದಿನ ಈ ಪರೀಕ್ಷೆ ನಾರ್ಮಲ್ ಬರಬಹುದು. ಅಷ್ಟಕ್ಕೇ ಆಸ್ತಮಾ ಇಲ್ಲ ಎನ್ನುವಂತಿಲ್ಲ.

ಹಿಗ್ಗುವುದು ಯಾಕೆಂದರೆ, ಬಿಗಿತ, ಊತ, ಕಫ ಮೂರೂ ಇಳಿಯಬಲ್ಲವು. ಬೀಡಿ ಸಿಗರೇಟಿನಿಂದ ಬರುವ ಎಂಫಿಸೀಮಾ ಎಂಬ ಕಾಯಿಲೆಯಲ್ಲಿ ನಾಳಗಳನ್ನು ತೆರೆದು ಹಿಡಿಯುವ ಶ್ವಾಸಕೋಶದ ಅಂಗಾಂಶವೇ ಹಾಳಾಗಿರುತ್ತದೆ. ಅದು ಮರಳಿ ಬರುವುದಿಲ್ಲ. ಆಸ್ತಮಾದಲ್ಲಿ ಬಿಗಿತ ನಿಮಿಷಗಳಲ್ಲಿ ಬಿಡುತ್ತದೆ, ಊತಕ್ಕೆ ದಿನ-ವಾರಗಳೇ ಬೇಕು.

ಅದಕ್ಕೇ ಬುಡೆಸೊನೈಡ್‌ನಂಥ ಸ್ಟಿರಾಯ್ಡ್ ಇರುವ ಇನ್ಹೇಲರ್ ಬರೆದುಕೊಟ್ಟೆ. ಇದು ಇಯೊಸಿನೊಫಿಲ್‌ಗಳನ್ನು ತಗ್ಗಿಸುತ್ತದೆ. ತೆಗೆದುಕೊಂಡ ಕೂಡಲೇ ಏನೂ ಗೊತ್ತಾಗದು, ಹಾಗಾಗಿ ಜನ ಇದನ್ನೇ ಮೊದಲು ಬಿಡುತ್ತಾರೆ. ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಬರಬಹುದು. ಇಷ್ಟೆಲ್ಲ ಹೇಳಿದರೂ ಒಂದು ಮಿತಿ ಇದೆ. ಊತವನ್ನು ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಗೋಡೆ ದಪ್ಪಗಾಗಿ, ಸ್ನಾಯು ಬೆಳೆದು, ಕಿರಿದಾದ ನಾಳ ಒಂದಿಷ್ಟು ಹಾಗೇ ಉಳಿದುಬಿಡುತ್ತದೆ. ಆಗ ನಾಲ್ಕು ಪಫ್ ಕೊಟ್ಟ ಮೇಲೂ ಸ್ಪೈರೋಮೆಟ್ರಿಯ ಅಂಕಿ ನಾರ್ಮಲ್ ಮಟ್ಟ ಮುಟ್ಟುವುದಿಲ್ಲ.